‘ವೆನ್ ಹೀ ವಿಲ್ ಕಮ್’: ‘ಬಂದಾಗ’ ಹಿಡಿದು ತಿದ್ದುವ ಬಗೆ

ಮಂಡ್ಯದಲ್ಲಿ ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ತಿದ್ದುವ ವಾಕ್ಯ ಈ ಬಗೆಯದು: ‘ವೆನ್ ದ ಲಾರಿ ವಿಲ್ ಕಮ್, ಐ ವಿಲ್ ಕಾಲ್ ಯೂ.’ ಲಾರಿ ಬರುವುದು ನಾಳೆ, ಹಾಗಾಗಿ ಎರಡು ಕಡೆಯೂ ವಿಲ್ ಬೇಕು ಅನ್ನಿಸುತ್ತದೆ.

ಇದನ್ನು ತಿದ್ದಲು ನಾನು ಮೊದಲು ಕನ್ನಡದ ವಾಕ್ಯ ಕೇಳುತ್ತೇನೆ. ‘ಲಾರಿ ಬಂದಾಗ ಫೋನ್ ಮಾಡ್ತೀನಿ’ ಅಂತಾರೆ. ನಾಳೆಯ ಮಾತೇ ಆದರೂ ‘ಬಂದಾಗ’ದಲ್ಲಿ ಭವಿಷ್ಯದ ಗುರುತು ಎಲ್ಲಿದೆ? ಎಲ್ಲೂ ಇಲ್ಲ. ನಾಳೆ ಅನ್ನುವುದನ್ನು ‘ಮಾಡ್ತೀನಿ’ ಒಂದೇ ಹೊರುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ವಿಲ್ ಹೇಳುವುದು ಮಾತಾಡುವವನ ಊಹೆ ಅಥವಾ ನಿರ್ಧಾರ. ‘ಫೋನ್ ಮಾಡ್ತೀನಿ’ ನಿರ್ಧಾರ, ಅಲ್ಲಿ ವಿಲ್ ಸರಿ. ಲಾರಿ ಬರುವುದನ್ನು ಈ ವಾಕ್ಯ ಊಹಿಸುತ್ತಿಲ್ಲ, ಬಂದೇ ಬರುತ್ತದೆ ಅಂತ ಇಟ್ಟುಕೊಂಡು ಹೊತ್ತು ಗೊತ್ತುಮಾಡಲು ಬಳಸುತ್ತಿದೆ. ಆದ್ದರಿಂದ ‘ವೆನ್ ದ ಲಾರಿ ಕಮ್ಸ್’. ಕೆಲವು ಶತಮಾನಗಳ ಹಿಂದಿನ ಇಂಗ್ಲಿಷಿನಲ್ಲಿ ಇಲ್ಲಿ ಶಲ್ ಕೂಡ ಬರುತ್ತಿತ್ತು. 1611ರ ಬೈಬಲ್ ಅನುವಾದದಲ್ಲಿ ‘ವೆನ್ ಹೀ ಶಲ್ ಅಪಿಯರ್’ ಅಂತಲೇ ಇದೆ. ಇಂದಿನ ಶಿಷ್ಟ ಇಂಗ್ಲಿಷ್ ಅದನ್ನು ಬಿಟ್ಟಿದೆ.

ಹಾಗಾದರೆ ತಪ್ಪು ಹುಟ್ಟುವುದೆಲ್ಲಿ? ನನ್ನ ಪ್ರಕಾರ, ವೆನ್ ಅಂದರೆ ‘ಯಾವಾಗ’ ಅಂತ ಮೊದಲ ದಿನವೇ ಬಾಯಿಪಾಠ ಆಗಿರುವುದರಿಂದ. ತಲೆಯಲ್ಲಿ ‘ಯಾವಾಗ ಬರುತ್ತೋ ಆಗ’ ಅಂತ ಓಡಿ, ‘ಬರುತ್ತೋ’ ವಿಲ್ ಕಮ್ ಆಗಿಬಿಡುತ್ತದೆ. ಅದಕ್ಕೇ ವೆನ್ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ‘ಬಂದಾಗ’ ಅಥವಾ ‘ಯಾವಾಗ’ ಅಂತ ಬರೆಸುತ್ತೇನೆ. ‘ಬಂದಾಗ’ ಕೂತರೆ ವಿಲ್ ಹೊಡೆದುಹಾಕಬೇಕು. ‘ಬಂದ ತಕ್ಷಣ’, ‘ಬಂದ ಮೇಲೆ’, ‘ಬರೋ ತನಕ’, ‘ಬರೋಕೆ ಮುಂಚೆ’ ಇವಕ್ಕೂ ಅದೇ: ಆ್ಯಸ್ ಸೂನ್ ಆ್ಯಸ್, ಆಫ್ಟರ್, ಅಂಟಿಲ್, ಬಿಫೋರ್ ಆದ ಮೇಲೆ ಕಮ್ಸ್.

ಈ ದಾರಿಯಲ್ಲೂ ಒಂದು ಗುಂಡಿ ಇದೆ. ‘ಬಂದ’ ಭೂತಕಾಲದ ರೂಪವಾದ್ದರಿಂದ ಕೆಲವರು ‘ವೆನ್ ದ ಲಾರಿ ಕೇಮ್, ಐ ವಿಲ್ ಕಾಲ್’ ಅಂತ ಬರೆಯುತ್ತಾರೆ. ಕನ್ನಡದ ‘ಬಂದ’ ಇಲ್ಲಿ ತೋರಿಸುವುದು ಕೆಲಸ ಮುಗಿದಿದ್ದನ್ನು, ನಿನ್ನೆಯನ್ನಲ್ಲ. ಮುಗಿದಿರಬೇಕು ಅಂತ ಒತ್ತಿ ಹೇಳಬೇಕಿದ್ದರೆ ಇಂಗ್ಲಿಷಿನಲ್ಲಿ ಹ್ಯಾಸ್ ಅಥವಾ ಹ್ಯಾವ್ ಇದೆ: ‘ಆಫ್ಟರ್ ದೇ ಹ್ಯಾವ್ ವೇಯ್ಡ್ ದ ಕೇನ್, ಐ ವಿಲ್ ಕಾಲ್ ಯೂ’, ಕಬ್ಬು ತೂಕ ಹಾಕಿದ ಮೇಲೆ ಫೋನ್ ಮಾಡ್ತೀನಿ.

ಇನ್ನು ‘ಯಾವಾಗ’ ಕೂತ ಕಡೆ ವಿಲ್ ತೆಗೆಯಬಾರದು. ‘ಲಾರಿ ಯಾವಾಗ ಬರುತ್ತೋ ಗೊತ್ತಿಲ್ಲ’ ಅನ್ನುವುದು ‘ಐ ಡೋಂಟ್ ನೋ ವೆನ್ ದ ಲಾರಿ ವಿಲ್ ಕಮ್’. ಇಲ್ಲಿ ವೆನ್ ಒಳಗೆ ಒಂದು ಪ್ರಶ್ನೆಯೇ ಅಡಗಿದೆ, ಆ ಪ್ರಶ್ನೆಯ ಉತ್ತರ ಊಹೆ. ನಿಯಮ ಕಲಿತವರು ಹುರುಪಿನಲ್ಲಿ ಇಲ್ಲೂ ವಿಲ್ ಕಿತ್ತುಹಾಕುತ್ತಾರೆ. ಅವರಿಗೆ ಎರಡು ವಾಕ್ಯ ಪಕ್ಕಪಕ್ಕ ಬರೆದು ತೋರಿಸುತ್ತೇನೆ. ‘ಟೆಲ್ ಮೀ ವೆನ್ ದ ಲಾರಿ ವಿಲ್ ಕಮ್’ ಅಂದರೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಈಗಲೇ ಹೇಳಿ. ‘ಟೆಲ್ ಮೀ ವೆನ್ ದ ಲಾರಿ ಕಮ್ಸ್’ ಅಂದರೆ ಸಾಮಾನ್ಯವಾಗಿ, ಗೇಟಿಗೆ ಬಂದು ನಿಂತಾಗ ತಿಳಿಸಿ. ಎರಡೂ ಸರಿ, ಆದರೆ ಲಾರಿ ತೂಕ ಹಾಕುವ ವೇಬ್ರಿಜ್ ಹತ್ತಿರ ಕಾಯುವವನಿಗೆ ಯಾವುದನ್ನು ಕಳಿಸಬೇಕು ಅನ್ನುವುದು ನಿಮಗೆ ಏನು ತಿಳಿಯಬೇಕು ಅನ್ನುವುದರ ಮೇಲಿದೆ.