ಪ್ರವಾಸದ ಹಣ ಸಾಲದೆ ಬಂದಾಗ ಗುಂಪಿಗೆ ಲೆಕ್ಕ ಒಪ್ಪಿಸುವ ಬಗೆ

ಪ್ರವಾಸ ಮುಗಿಸಿ ಬಂದ ಎರಡನೆಯ ದಿನ ಗೆಳೆಯರ ಗುಂಪಿಗೆ ಒಂದು ಸಂದೇಶ ಬೀಳುತ್ತದೆ: ‘ಖರ್ಚು ಸ್ವಲ್ಪ ಹೆಚ್ಚಾಗಿದೆ, ಎಲ್ಲರೂ ತಲಾ 643 ರೂಪಾಯಿ ಕಳುಹಿಸಿ.’ ಒಬ್ಬರು ತಕ್ಷಣ ಹಣ ಹಾಕುತ್ತಾರೆ. ಇಬ್ಬರು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಾರೆ. ಉಳಿದವರು ಮಾತೇ ಆಡುವುದಿಲ್ಲ. 643 ರೂಪಾಯಿ ಯಾರಿಗೂ ಭಾರವಲ್ಲ. ಆದರೆ ಜೀಪ್ ಹತ್ತದವನಿಗೂ ಹತ್ತಿದವನಿಗೂ ಒಂದೇ ಮೊತ್ತ ಏಕೆ, ಪ್ರವಾಸಕ್ಕೆ ಬಾರದವನು ಕೊಟ್ಟಿದ್ದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿಲ್ಲ. ಗುಂಪಿನಲ್ಲಿ ಕೇಳಿದರೆ ಜಿಪುಣನೆನಿಸಿಕೊಳ್ಳಬೇಕಾಗುತ್ತದೆ ಎಂದು ಯಾರೂ ಕೇಳುವುದೂ ಇಲ್ಲ.

ಸಂದೇಶ ಬರೆಯುವ ಮೊದಲು ಲೆಕ್ಕವನ್ನು ಸರಿಯಾಗಿ ಒಡೆಯಬೇಕು. ಒಂದು ಉದಾಹರಣೆ ಹಿಡಿದು ನೋಡೋಣ. ಹೆಸರು, ಮೊತ್ತ ಎರಡೂ ಕಲ್ಪಿತ, ಲೆಕ್ಕದ ಸ್ವರೂಪ ಮಾತ್ರ ದಿನನಿತ್ಯದ್ದು. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಶುಕ್ರವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮರಳುವ ಪ್ರವಾಸ. ಎಂಟು ಜನ ತಲಾ 6,000 ರೂಪಾಯಿಯಂತೆ 48,000 ಕೂಡಿಸಿದ್ದಾರೆ. ಹೊರಡಲು ಮೂರು ದಿನವಿದ್ದಾಗ ಮಹೇಶ ಬರಲಾಗುವುದಿಲ್ಲ ಎಂದ. ಏಳು ಜನ ಹೋಗಿ ಬಂದರು. ಒಟ್ಟು ಖರ್ಚು 52,500. ಕೊರತೆ 4,500 ರೂಪಾಯಿ.

ಮೊದಲ ಕೆಲಸ: ಹಣ ಎಲ್ಲಿ ಹೆಚ್ಚಾಯಿತು ಎಂದು ಹುಡುಕುವುದು

ಖರ್ಚಿನ ಪಟ್ಟಿಯನ್ನು ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ಮೊದಲು ಅಂದಾಜು ಮಾಡಿದ್ದ ಮೊತ್ತವನ್ನೂ ಕೊನೆಗೆ ಕೊಟ್ಟ ಮೊತ್ತವನ್ನೂ ಅಕ್ಕಪಕ್ಕ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ದಾರಿಯ ಊಟ, ತಿಂಡಿಗೆ 7,000 ಎಂದುಕೊಂಡಿದ್ದರು, ಆದದ್ದು 6,300. ಹೋಂಸ್ಟೇಗೆ 24,000 ಹಿಡಿದಿದ್ದರು, ಆದದ್ದು 22,500. ಚಾಲಕನ ಭತ್ಯೆ, ಟೋಲ್, ಪಾರ್ಕಿಂಗ್ ಸೇರಿ 3,000 ಇದ್ದದ್ದು 3,200 ಆಯಿತು. ಅಂದರೆ ‘ತಿಂದದ್ದೇ ಹೆಚ್ಚಾಯಿತು’ ಎಂಬ ಮಾಮೂಲಿ ಊಹೆ ಇಲ್ಲಿ ಸುಳ್ಳು. ಹಣ ಹೋದದ್ದು ಎರಡು ಕಡೆ: ಟೆಂಪೊ ಟ್ರಾವೆಲರ್ ಬಾಡಿಗೆ 14,000ದಿಂದ 18,000ಕ್ಕೆ ಏರಿತು, ಪಟ್ಟಿಯಲ್ಲೇ ಇಲ್ಲದ ಜೀಪ್ ಬಾಡಿಗೆ 2,500 ಬಂತು.

ಟೆಂಪೊ ಟ್ರಾವೆಲರ್ ಲೆಕ್ಕ ಬಹಳ ಗುಂಪುಗಳನ್ನು ಬೀಳಿಸುವ ಗುಂಡಿ. ಮೊಬೈಲ್ ನಕ್ಷೆಯಲ್ಲಿ ದೂರ ನೋಡಿ, ಸುತ್ತಾಟವನ್ನೂ ಸೇರಿಸಿ 700 ಕಿಲೊಮೀಟರ್ ಎಂದು ಹಿಡಿದು, ಕಿಲೊಮೀಟರಿಗೆ 20 ರೂಪಾಯಿಯಂತೆ 14,000 ಎಂದು ಬರೆದುಕೊಂಡಿರುತ್ತಾರೆ. ಆದರೆ ಹೊರ ಊರಿನ ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೊಮೀಟರ್ ಎಂಬ ಷರತ್ತು ಇರುತ್ತದೆ. ಸಾಮಾನ್ಯವಾಗಿ ಅದು 250 ಅಥವಾ 300. ಗಾಡಿ ಹೋಂಸ್ಟೇ ಅಂಗಳದಲ್ಲಿ ಇಡೀ ದಿನ ನಿಂತಿದ್ದರೂ ಆ ದಿನದ 300 ಲೆಕ್ಕಕ್ಕೆ ಬರುತ್ತದೆ. ಮೂರು ದಿನಕ್ಕೆ 900 ಕಿಲೊಮೀಟರ್, 18,000 ರೂಪಾಯಿ. ಬಹಳ ಕಡೆ ದಿನವೆಂದರೆ ಇಪ್ಪತ್ತನಾಲ್ಕು ಗಂಟೆಯಲ್ಲ, ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಒಂದು ದಿನ. ಇದೇ ಗುಂಪು ಗುರುವಾರ ರಾತ್ರಿ ಹತ್ತಕ್ಕೆ ಹೊರಟಿದ್ದರೆ ಆ ಎರಡು ಗಂಟೆಗೇ ಇನ್ನೊಂದು 300 ಸೇರುತ್ತಿತ್ತು. ಬಿಲ್ಲಿನಲ್ಲಿ ‘ಕನಿಷ್ಠ ಕಿ.ಮೀ.’ ಎಂಬ ಸಾಲು ಎಲ್ಲಿದೆ ಎಂದು ನೋಡಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ‘ಮೀಟರ್ 700 ತೋರಿಸುತ್ತಿದ್ದರೆ 900ಕ್ಕೆ ಏಕೆ ಕೊಟ್ಟಿರಿ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಎರಡನೆಯ ಕೆಲಸ: ಯಾವ ಖರ್ಚು ಯಾರದ್ದು

ಖರ್ಚುಗಳಲ್ಲಿ ಮೂರು ಜಾತಿ. ಗಾಡಿಯ ಬಾಡಿಗೆ ಒಬ್ಬರು ಕಡಿಮೆಯಾದರೂ ಕಡಿಮೆಯಾಗುವುದಿಲ್ಲ. ಊಟ, ಕೋಣೆ ತಲೆಲೆಕ್ಕದ್ದು. ಜೀಪ್ ಹತ್ತಿದವರಿಗೆ ಮಾತ್ರ ಸೇರಿದ್ದು. ಮೂರನ್ನೂ ಒಂದೇ ರಾಶಿ ಹಾಕಿ ಏಳರಿಂದ ಭಾಗಿಸಿದಾಗಲೇ 643 ಎಂಬ ಸಂಖ್ಯೆ ಹುಟ್ಟುವುದು.

ಗಾಡಿ 18,000, ಭತ್ಯೆ ಮತ್ತು ಟೋಲ್ 3,200. ಒಟ್ಟು 21,200. ಇದನ್ನು ಎಂಟರಿಂದ ಭಾಗಿಸಿ, ಏಳರಿಂದಲ್ಲ. ಗಾಡಿ ಗೊತ್ತು ಮಾಡಿದ್ದು ಎಂಟು ಜನರ ಒಪ್ಪಿಗೆಯ ಮೇಲೆ. ಮಹೇಶ ಹಿಂದೆ ಸರಿದಾಗ ಸೀಟು ಖಾಲಿಯಾಯಿತೇ ಹೊರತು ಬಾಡಿಗೆ ಇಳಿಯಲಿಲ್ಲ. ತಲಾ 2,650.

ಹೋಂಸ್ಟೇ ಒಬ್ಬರಿಗೆ ಒಂದು ರಾತ್ರಿಗೆ 1,500, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ. ಹೋದವರಿಗೆ ತಲಾ 3,000. ಕೊನೆಗಳಿಗೆಯಲ್ಲಿ ಹೇಳಿದ್ದರಿಂದ ಹೋಂಸ್ಟೇಯವರು ಮಹೇಶನ ಒಂದು ರಾತ್ರಿಯ 1,500 ಹಿಡಿದುಕೊಂಡು ಇನ್ನೊಂದನ್ನು ಬಿಟ್ಟರು. ಆ 1,500 ಮಹೇಶನದ್ದೇ ಆಗಬೇಕು, ಬೇರೆಯವರ ಮೇಲೆ ಬೀಳಬಾರದು. ದಾರಿಯ ಊಟ ಏಳು ಜನರಿಗೆ ತಲಾ 900. ಮುಳ್ಳಯ್ಯನಗಿರಿಗೆ ಜೀಪಿನಲ್ಲಿ ಹೋದವರು ಐವರು. ಸುಧಾ ಮತ್ತು ವಿನಯ ಹೋಂಸ್ಟೇಯಲ್ಲೇ ಉಳಿದಿದ್ದರು. ಜೀಪ್ ತಲಾ 500, ಆ ಐವರಿಗೆ ಮಾತ್ರ.

ಈಗ ಒಬ್ಬೊಬ್ಬರ ಪಾಲು ಕೂಡಿಸಿ. ಜೀಪ್ ಹತ್ತಿದವರದ್ದು 7,050, ಅಂದರೆ ಇನ್ನೂ 1,050 ಕೊಡಬೇಕು. ಸುಧಾ, ವಿನಯರದ್ದು 6,550, ಇನ್ನೂ 550 ಕೊಡಬೇಕು. ಮಹೇಶನದ್ದು 4,150. ಅವನು 6,000 ಕೊಟ್ಟಿದ್ದಾನೆ, 1,850 ಅವನಿಗೆ ಹಿಂದಿರುಗಬೇಕು. ನಿಧಿಯಲ್ಲಿ ಕೊರತೆ ಇದ್ದರೂ ಒಬ್ಬನಿಗೆ ಹಣ ವಾಪಸು ಬರುತ್ತದೆ ಎನ್ನುವುದು ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಸರಳ ಭಾಗಾಕಾರ ಮುಚ್ಚಿಡುವುದು ಇದನ್ನೇ. 643ರ ಲೆಕ್ಕದಲ್ಲಿ ಪ್ರವಾಸಕ್ಕೆ ಬಾರದವನ 1,850 ರೂಪಾಯಿಯನ್ನು ಬಂದವರು ತಮಗರಿವಿಲ್ಲದೆ ಖರ್ಚು ಮಾಡಿಕೊಂಡಿರುತ್ತಾರೆ.

ಮಹೇಶನ ವಿಷಯದಲ್ಲಿ ಒಂದು ಮಾತು. ಅವನ ಮನೆಯಲ್ಲಿ ಸಾವು, ಕಾಯಿಲೆ ಆಗಿದ್ದರೆ ಗಾಡಿಯ ಪಾಲನ್ನು ಬಿಟ್ಟುಕೊಡೋಣ ಎಂದು ಗುಂಪಿಗೆ ಅನಿಸಬಹುದು. ಹಾಗೆ ಮಾಡಿದರೆ 21,200 ಏಳು ಜನರ ಮೇಲೆ ಬಿದ್ದು, ಒಬ್ಬೊಬ್ಬರಿಗೆ ಸುಮಾರು 379 ರೂಪಾಯಿ ಹೆಚ್ಚಾಗುತ್ತದೆ. ಅದು ಒಳ್ಳೆಯ ನಿರ್ಧಾರವೇ. ಆದರೆ ಲೆಕ್ಕ ಬರೆಯುವವರು ಒಬ್ಬರೇ ಕುಳಿತು ಉಳಿದವರ ಹಣದಲ್ಲಿ ಉದಾರಿಗಳಾಗಬಾರದು. ಉಳಿದ ಆರು ಜನರನ್ನು ಮೊದಲೇ ಕೇಳಿ, ಒಪ್ಪಿದ ಮೇಲೆ ಬರೆಯಿರಿ. ಬಿಡದಿದ್ದರೂ ಸಂದೇಶ ಹಾಕುವ ಮುನ್ನ ಮಹೇಶನಿಗೆ ಕರೆ ಮಾಡಿ ಅವನ ಲೆಕ್ಕ ಹೇಳಿ. ತನ್ನಿಂದ 4,150 ಕಳೆದಿದೆ ಎಂಬುದು ಅವನಿಗೆ ಎಲ್ಲರ ಎದುರು ಮೊದಲ ಸಲ ತಿಳಿಯಬಾರದು.

ಮೂರನೆಯ ಕೆಲಸ: ಜೇಬಿನಿಂದ ಕೊಟ್ಟವರು

ನಿಧಿ ಖಾಲಿಯಾದ ಮೇಲೂ ಪ್ರವಾಸ ನಿಂತಿಲ್ಲವೆಂದರೆ ಆ 4,500ನ್ನು ಯಾರೋ ಕೊಟ್ಟಿದ್ದಾರೆ. ಜೀಪಿನವನಿಗೆ 2,500 ಕೊಟ್ಟದ್ದು ರವಿ. ಗಾಡಿಯ ಕೊನೆಯ 2,000 ಕೊಟ್ಟದ್ದು ಲೆಕ್ಕ ನೋಡುತ್ತಿದ್ದ ಸುಮಾ. ಇಬ್ಬರೂ ಜೀಪ್ ಹತ್ತಿದವರು, ತಲಾ 1,050 ಕೊಡಬೇಕಾದವರು. ರವಿ ಕೊಡಬೇಕಾದ್ದಕ್ಕಿಂತ 1,450 ಹೆಚ್ಚು ಕೊಟ್ಟಿದ್ದಾನೆ, ಸುಮಾ 950 ಹೆಚ್ಚು ಕೊಟ್ಟಿದ್ದಾಳೆ. ಅಷ್ಟು ಅವರಿಗೆ ಬರಬೇಕು.

ತಾಳೆ ನೋಡುವುದು ಸುಲಭ. ಉಳಿದ ಮೂವರಿಂದ 1,050ರಂತೆ 3,150, ಸುಧಾ, ವಿನಯರಿಂದ 1,100. ಒಳಗೆ ಬರುವುದು 4,250. ಮಹೇಶನಿಗೆ 1,850, ರವಿಗೆ 1,450, ಸುಮಾಗೆ 950. ಹೊರಗೆ ಹೋಗುವುದೂ 4,250. ಎರಡೂ ಕಡೆ ಒಂದೇ ಸಂಖ್ಯೆ ಬಾರದಿದ್ದರೆ ಎಲ್ಲೋ ಒಂದು ಟೋಲ್ ಚೀಟಿ ಎರಡು ಬಾರಿ ಸೇರಿದೆ, ಇಲ್ಲವೇ ಯಾರೋ ಕೊಟ್ಟದ್ದನ್ನು ಬರೆದುಕೊಂಡಿಲ್ಲ. ಟೋಲ್ ಹಣ ಫಾಸ್ಟ್ಯಾಗ್‌ನಲ್ಲಿ ಕಡಿತವಾಗಿದ್ದರೆ ಚಾಲಕನ ಬಾಯಿಲೆಕ್ಕ ಸಾಲದು, ಗಾಡಿಯ ಮಾಲೀಕರಿಗೆ ಬಂದ ಎಸ್ಎಂಎಸ್‌ಗಳನ್ನು ಕೇಳಿ ಪಡೆಯಿರಿ. ಈ ತಾಳೆಯನ್ನು ಕಳುಹಿಸುವ ಮೊದಲೇ ಮುಗಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಹದಿನೈದು ನಿಮಿಷದ ನಂತರ ಸಂದೇಶವನ್ನು ತಿದ್ದಲಾಗುವುದಿಲ್ಲ. ಅಳಿಸಿ ಮತ್ತೆ ಹಾಕಿದರೆ ಹಳೆಯ ಮೊತ್ತ ನೋಡಿ ಆಗಲೇ ಹಣ ಹಾಕಿದವರಿಂದ ಇನ್ನೊಂದು ಗೊಂದಲ.

ಈಗ ಸಂದೇಶ

ಉದ್ದ ಸಂದೇಶವನ್ನು ಮೊಬೈಲ್ ಅರ್ಧಕ್ಕೇ ಮಡಚಿಬಿಡುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ಬಹಳ ಜನ ತೆರೆಯುವುದಿಲ್ಲ. ಹಾಗಾಗಿ ಕಾರಣ ಎರಡು ಸಾಲಿನಲ್ಲಿ, ಅದರ ಬೆನ್ನಿಗೇ ಹೆಸರುಗಳು, ವಿವರ ಕೊನೆಗೆ. ಕೋಷ್ಟಕ ಮಾಡಬೇಡಿ, ಸಣ್ಣ ಪರದೆಯಲ್ಲಿ ಅದು ಚೆಲ್ಲಾಪಿಲ್ಲಿಯಾಗುತ್ತದೆ. ಸುಮಾ ಹೀಗೆ ಬರೆಯಬಹುದು:

‘ಗೆಳೆಯರೇ, ಚಿಕ್ಕಮಗಳೂರಿನ ಲೆಕ್ಕ ಮುಗಿದಿದೆ. ಕೂಡಿಸಿದ್ದು 48,000, ಖರ್ಚಾದದ್ದು 52,500. ಗಾಡಿಗೆ ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕವಿದ್ದದ್ದರಿಂದ 4,000 ಹೆಚ್ಚಾಯಿತು, ಜೀಪ್ 2,500 ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಊಟ ಮತ್ತು ಹೋಂಸ್ಟೇಯಲ್ಲಿ ಸ್ವಲ್ಪ ಉಳಿಯಿತು.

ಕೊಡಬೇಕಾದವರು:
ಅನಿತಾ 1,050
ಕಿರಣ 1,050
ಪ್ರಕಾಶ 1,050
ಸುಧಾ 550
ವಿನಯ 550

ಬರಬೇಕಾದವರು:
ಮಹೇಶ 1,850
ರವಿ 1,450 (ಜೀಪಿಗೆ 2,500 ಕೊಟ್ಟಿದ್ದ)
ಸುಮಾ 950 (ಗಾಡಿಗೆ 2,000 ಕೊಟ್ಟಿದ್ದೆ)

ಗಾಡಿ, ಭತ್ಯೆ, ಟೋಲ್ ಎಂಟು ಜನರಿಗೆ ತಲಾ 2,650. ಹೋಂಸ್ಟೇ 3,000 ಮತ್ತು ಊಟ 900 ಹೋದವರಿಗೆ. ಜೀಪ್ 500 ಹತ್ತಿದ ಐವರಿಗೆ. ಮಹೇಶನಿಗೆ ಗಾಡಿಯ ಪಾಲು ಮತ್ತು ಹೋಂಸ್ಟೇ ಹಿಡಿದ 1,500, ಅವನೊಂದಿಗೆ ಮಾತಾಡಿದ್ದೇನೆ. ಬಿಲ್ಲುಗಳ ಫೋಟೊ ಕೆಳಗಿವೆ. ಲೆಕ್ಕದಲ್ಲಿ ತಪ್ಪು ಕಂಡರೆ ಗುರುವಾರದೊಳಗೆ ಹೇಳಿ. ಹಣವನ್ನು ಭಾನುವಾರದೊಳಗೆ ನನ್ನ ಮಾಮೂಲಿ ಯುಪಿಐ ಸಂಖ್ಯೆಗೆ ಹಾಕಿ.’

ಗಮನಿಸಿ, ಇಲ್ಲಿ ಕ್ಷಮೆ ಕೇಳುವ ಸಾಲಿಲ್ಲ, ‘ದಯವಿಟ್ಟು ಅನ್ಯಥಾ ಭಾವಿಸಬೇಡಿ’ ಎಂಬುದೂ ಇಲ್ಲ. ಅಂಥ ಮಾತು ಸೇರಿಸಿದಷ್ಟೂ ಓದುವವರಿಗೆ ಏನೋ ಎಡವಟ್ಟಾಗಿದೆ ಎಂಬ ಅನುಮಾನ ಬರುತ್ತದೆ. ‘ಕೆಲವರು ಜೀಪ್ ಬೇಕೆಂದು ಹಟ ಹಿಡಿದರು’ ಎಂಬ ಚುಚ್ಚುಮಾತೂ ಬೇಡ, ಜೀಪಿನ ಹಣವನ್ನು ಹತ್ತಿದವರೇ ಕೊಡುತ್ತಿರುವಾಗ ಅದರ ಅಗತ್ಯವಿಲ್ಲ. ತಪ್ಪು ಹೇಳಲು ಒಂದು ದಿನ, ಹಣ ಹಾಕಲು ಇನ್ನೊಂದು ದಿನ ಎಂದು ಎರಡು ಗಡುವು ಇಟ್ಟಿರುವುದು ಬೇಕೆಂದೇ. ಒಂದೇ ಗಡುವಿದ್ದರೆ ತಕರಾರು ಇರುವವರು ಹಣ ಹಾಕದೆ ಸುಮ್ಮನಿರುತ್ತಾರೆ, ತಕರಾರನ್ನೂ ಹೇಳುವುದಿಲ್ಲ.

ಸಂದೇಶವನ್ನು ಗುಂಪಿನ ಮೇಲ್ಭಾಗದಲ್ಲಿ ಏಳು ದಿನ ಪಿನ್ ಮಾಡಿಡಿ, ಇಲ್ಲವಾದರೆ ಪ್ರವಾಸದ ನೂರಾರು ಫೋಟೊಗಳ ಕೆಳಗೆ ಅದು ಹೂತುಹೋಗುತ್ತದೆ. ಹಣ ಬಂದ ಹಾಗೆಲ್ಲ ಮೊದಲು ಮಹೇಶನದ್ದನ್ನು ಹಿಂದಿರುಗಿಸಿ, ಆಮೇಲೆ ರವಿಯದ್ದು, ಲೆಕ್ಕ ನೋಡಿದವರದ್ದು ಕೊನೆಗೆ. ಭಾನುವಾರ ಕಳೆದರೂ ಹಣ ಹಾಕದವರಿಗೆ ಗುಂಪಿನಲ್ಲಿ ಹೆಸರು ಹಿಡಿದು ನೆನಪಿಸಬೇಡಿ. ಖಾಸಗಿಯಾಗಿ, ಮೊತ್ತ ಮಾತ್ರ ಬರೆದು ಒಂದು ಸಾಲು ಕಳುಹಿಸಿ. ‘ಈ ತಿಂಗಳು ಕಷ್ಟ’ ಎಂದರೆ ಸಂಬಳದ ದಿನವನ್ನು ಅವರಿಂದಲೇ ಹೇಳಿಸಿಕೊಳ್ಳಿ. ಆ ಮಾತು ಗುಂಪಿಗೆ ಬರುವುದು ಬೇಡ.