ಕಿಡ್ನಿ ರೋಗಿಗಳ ಡೋಸ್ ಪಟ್ಟಿ ಕಟ್ಟಿದ್ದು: ನನ್ನ ಅನುಭವ

ಕಿಡ್ನಿ ಕುಂದಿದ ರೋಗಿಗೆ ಯಾವ ಔಷಧಿಯ ಡೋಸ್ ಎಷ್ಟು ಇಳಿಸಬೇಕು ಎಂಬ ಮಾಹಿತಿ ನಮ್ಮ ಫಾರ್ಮಸಿಯಲ್ಲಿ ಬೇಕಾದಷ್ಟಿತ್ತು, ಆದರೆ ಒಂದೊಂದೂ ಒಂದೊಂದು ಕಡೆ: ಹಿರಿಯರ ನೋಟ್‌ಬುಕ್, ಐಸಿಯು ಗೋಡೆಯ ಜೆರಾಕ್ಸ್ ಹಾಳೆ, ಔಷಧಿ ಡಬ್ಬಿಯೊಳಗಿನ ಕರಪತ್ರ, ಮೊಬೈಲಿನಲ್ಲಿ ಉಳಿಸಿಟ್ಟ ಫೋಟೋ. ಇವನ್ನೆಲ್ಲ ಒಂದು ಪಟ್ಟಿಗೆ ತರಲು ಕೂತಾಗ ಮೊದಲು ಔಷಧಿಗಳ ಹೆಸರು ಬರೆಯಲಿಲ್ಲ. ಪ್ರತಿ ಟಿಪ್ಪಣಿಯ ಪಕ್ಕ, ಅದರಲ್ಲಿರುವ ಸಂಖ್ಯೆ ಯಾವ ಅಳತೆಯದು ಎಂದು ಗುರುತು ಹಾಕಿದೆ.

ಯಾಕೆಂದರೆ ‘30ಕ್ಕಿಂತ ಕಡಿಮೆ ಇದ್ದರೆ’ ಎಂದು ಬರೆದಲ್ಲಿ ಆ 30 ಕ್ರಿಯಾಟಿನಿನ್ ಕ್ಲಿಯರೆನ್ಸೋ, ಲ್ಯಾಬ್ ರಿಪೋರ್ಟಿನಲ್ಲಿ ಬರುವ ಇಜಿಎಫ್‌ಆರೋ ಗೊತ್ತಾಗಬೇಕು. ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಹೊರಹಾಕುವ ಕಸ; ಎರಡೂ ಅಳತೆಗಳು ಅದರಿಂದಲೇ ಕಿಡ್ನಿಯ ಕೆಲಸವನ್ನು ಅಂದಾಜಿಸುತ್ತವೆ, ಸೂತ್ರ ಬೇರೆ ಬೇರೆ. ನಾನು ಪಟ್ಟಿಗೆ ತೆಗೆದುಕೊಂಡ ಹೆಚ್ಚಿನ ಔಷಧಿಗಳ ಕರಪತ್ರದಲ್ಲಿ ಡೋಸ್ ನಿಂತಿರುವುದು 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದ ಕ್ಲಿಯರೆನ್ಸ್ ಮೇಲೆ. ಮೆಟ್‌ಫಾರ್ಮಿನ್ ಮಾತ್ರ ಇಜಿಎಫ್‌ಆರ್ ಮೇಲೆ: 30ಕ್ಕಿಂತ ಕೆಳಗೆ ಕೊಡುವಂತಿಲ್ಲ, 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡುವುದು ಬೇಡ. ಕೆಲವು ಹಳೆಯ ಟಿಪ್ಪಣಿಗಳಲ್ಲಿ ‘ಕ್ರಿಯಾಟಿನಿನ್ 2 ದಾಟಿದರೆ ಅರ್ಧ’ ಎಂದಷ್ಟೇ ಇತ್ತು. ವಯಸ್ಸು, ತೂಕ ಇಲ್ಲದ ಆ ಸಾಲುಗಳನ್ನು ಪೂರ್ತಿ ಬಿಟ್ಟು, ಆ ಔಷಧಿಗಳ ಕರಪತ್ರಗಳನ್ನೇ ಹೊಸದಾಗಿ ಓದಿದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತೋರಿಸಲು ಡ್ಯೂಟಿ ಡಾಕ್ಟರುಗಳ ಮುಂದೆ ಒಂದು ಲೆಕ್ಕ ಇಡುತ್ತೇನೆ. 78 ವರ್ಷದ ಅಜ್ಜಿ, ತೂಕ 45 ಕೆಜಿ, ಕ್ರಿಯಾಟಿನಿನ್ 1.2. ರಿಪೋರ್ಟ್ ನೋಡಿದರೆ ಗಾಬರಿಯಾಗುವಂಥದ್ದೇನೂ ಕಾಣದು. ಸ್ಪ್ರೆಡ್‌ಶೀಟಿನಲ್ಲಿ ನಾನು ಹಾಕಿದ ಸೂತ್ರ ಇದು; B ವಯಸ್ಸು, C ತೂಕ, D ಕ್ರಿಯಾಟಿನಿನ್, E ಲಿಂಗ:

```
=(140-B2)*C2/(72*D2)*IF(E2="F",0.85,1)
```

ಉತ್ತರ ನಿಮಿಷಕ್ಕೆ ಸುಮಾರು 27 ಮಿ.ಲೀ. ಅದೇ ಅಜ್ಜಿಯ ಇಜಿಎಫ್‌ಆರ್ 2021ರ ಸಿಕೆಡಿ-ಇಪಿಐ ಸಮೀಕರಣದಲ್ಲಿ 46 ಬರುತ್ತದೆ. ಆ ಸಮೀಕರಣ ತೂಕ ಕೇಳುವುದಿಲ್ಲ, 1.73 ಚದರ ಮೀಟರ್ ಮೈಯಿರುವ ವ್ಯಕ್ತಿಗೆ ಸರಿಹೊಂದಿಸಿ ಹೇಳುತ್ತದೆ. ನಮ್ಮ ವಾರ್ಡಿನ ಸಣ್ಣ ದೇಹದ ಮುದುಕಿಯರಿಗೆ ಅದು ಕಿಡ್ನಿಯ ಕೆಲಸವನ್ನು ಹೆಚ್ಚಾಗಿ ತೋರಿಸುತ್ತದೆ. ಈಗ ಅವರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ, ಎನಾಕ್ಸಪರಿನ್ ಕೊಡಬೇಕು ಅನ್ನಿ. 46 ಎಂದು ಹಿಡಿದರೆ ಕೆಜಿಗೆ 1 ಮಿ.ಗ್ರಾಂನಂತೆ 12 ಗಂಟೆಗೊಮ್ಮೆ. 27 ಎಂದು ಹಿಡಿದರೆ ಅದೇ ಡೋಸ್ ದಿನಕ್ಕೊಮ್ಮೆ. ತಪ್ಪು ಅಳತೆ ಹಿಡಿದರೆ ಔಷಧಿ ಎರಡು ಪಟ್ಟು ಹೋಗುತ್ತದೆ, ರಕ್ತಸ್ರಾವದ ಅಪಾಯ ಅಲ್ಲಿದೆ. ಗ್ಯಾಬಾಪೆಂಟಿನ್‌ನಲ್ಲೂ ಹೀಗೆಯೇ: ಕ್ಲಿಯರೆನ್ಸ್ 30–59 ಇದ್ದರೆ ದಿನದ ಮಿತಿ 1400 ಮಿ.ಗ್ರಾಂ, 15–29 ಆದರೆ 700. ಹೀಗಾಗಿ ‘ಯಾವ ಅಳತೆ’ ಎಂಬ ಕಾಲಮನ್ನು ಔಷಧಿಯ ಹೆಸರಿಗೆ ಅಂಟಿಕೊಂಡೇ ಇಟ್ಟೆ.

ಎರಡನೆಯ ತೊಡಕು ಲಿವೊಫ್ಲಾಕ್ಸಸಿನ್‌ನಲ್ಲಿ ಎದುರಾಯಿತು. ಕ್ಲಿಯರೆನ್ಸ್ 20–49ಕ್ಕೆ ಒಂದು ಹಾಳೆ ‘750 ಮಿ.ಗ್ರಾಂ, 48 ಗಂಟೆಗೊಮ್ಮೆ’ ಎನ್ನುತ್ತಿತ್ತು, ಇನ್ನೊಂದು ‘250 ಮಿ.ಗ್ರಾಂ, ದಿನಕ್ಕೊಮ್ಮೆ’. ಇವುಗಳಲ್ಲಿ ಒಂದನ್ನು ಹೊಡೆದುಹಾಕುವ ಹಾಗಿಲ್ಲ, ಎರಡೂ ಸರಿ. ಮೊದಲಿನದು ಕಿಡ್ನಿ ಚೆನ್ನಾಗಿರುವವರಿಗೆ ದಿನಕ್ಕೆ 750 ಕೊಡುವ ಸೋಂಕಿಗೆ, ಎರಡನೆಯದು ದಿನಕ್ಕೆ 500 ಕೊಡುವ ಸೋಂಕಿಗೆ. ಆದ್ದರಿಂದ ಔಷಧಿಗೊಂದು ಸಾಲು ಎಂಬ ಯೋಚನೆ ಬಿಟ್ಟು, ಮಾಮೂಲಿ ಡೋಸಿಗೊಂದು ಸಾಲು ಮಾಡಿದೆ. ಎರಡನೆಯ ಹಾಳೆಯಲ್ಲಿ ಬಿಟ್ಟುಹೋದ ಮಾತೊಂದಿತ್ತು: ಮೊದಲ ಡೋಸ್ ಪೂರ್ತಿ 500, ಆಮೇಲೆ 250. ಮೊದಲ ಡೋಸಿನಿಂದ ರಕ್ತದಲ್ಲಿ ಔಷಧಿ ಎಷ್ಟು ಏರುತ್ತದೆ ಎಂಬುದು ಮುಖ್ಯವಾಗಿ ಅದು ಮೈಯಲ್ಲಿ ಎಷ್ಟು ಜಾಗಕ್ಕೆ ಹರಡುತ್ತದೆ ಎಂಬುದರ ಮೇಲೆ. ಕಿಡ್ನಿಯ ಪಾತ್ರ ಬರುವುದು ಅದು ಹೊರಹೋಗುವಾಗ. ಸೋಂಕು ಜೋರಾಗಿರುವ ದಿನವೇ ಅರ್ಧ ಡೋಸ್ ಕೊಟ್ಟರೆ ಔಷಧಿ ಬೇಕಾದ ಮಟ್ಟಕ್ಕೆ ಬರುವುದು ತಡವಾಗುತ್ತದೆ. ‘ಮೊದಲ ಡೋಸ್’ ಕಾಲಂ ಹುಟ್ಟಿದ್ದು ಇಲ್ಲಿಂದ.

ಗಡಿಗಳನ್ನು ಬೆರಳಿಟ್ಟು ಓದಬೇಕಾಯಿತು. ಮೆರೊಪೆನೆಮ್‌ಗೆ ಕರಪತ್ರ 50ಕ್ಕಿಂತ ಹೆಚ್ಚು, 26–50, 10–25, 10ಕ್ಕಿಂತ ಕಡಿಮೆ ಎಂದು ಹಂತ ಹಾಕುತ್ತದೆ. 25.6 ಬಂದರೆ ಎಲ್ಲಿಗೆ? ಲೆಕ್ಕವನ್ನು ಪೂರ್ಣಸಂಖ್ಯೆಗೆ ತಂದು ನೋಡಬೇಕೆಂದು ಪಟ್ಟಿಯಲ್ಲೇ ಬರೆದೆವು. ಪ್ರತಿ ಸಾಲಿನ ಕೊನೆಗೆ ಆಕರ, ಅದರ ವರ್ಷ, ಮತ್ತು ನನ್ನದಲ್ಲದೆ ಇನ್ನೊಬ್ಬರ ಸಹಿ. ನೆಫ್ರಾಲಜಿಸ್ಟ್ ಒಪ್ಪಿದ ಮೇಲೆಯೇ ವಾರ್ಡಿಗೆ ಕೊಟ್ಟೆವು.

ಪಟ್ಟಿಯ ತಲೆಗೆ ಕೆಂಪಕ್ಷರದಲ್ಲಿ ಒಂದು ಸಾಲಿದೆ: ಕ್ರಿಯಾಟಿನಿನ್ ದಿನದಿನಕ್ಕೆ ಬದಲಾಗುತ್ತಿದ್ದರೆ ಈ ಲೆಕ್ಕ ನಂಬಬೇಡಿ. ನಿನ್ನೆ 1 ಇದ್ದದ್ದು ಇಂದು 2 ಆಗಿದೆ ಎಂದರೆ ಕಿಡ್ನಿ ಹೆಚ್ಚುಕಡಿಮೆ ನಿಂತೇ ಹೋಗಿರಬಹುದು. ಸೂತ್ರ ಮಾತ್ರ ಅರ್ಧ ಉಳಿದಿದೆ ಎನ್ನುತ್ತದೆ. ಅಂಥ ರೋಗಿಗೂ ಡಯಾಲಿಸಿಸ್ ರೋಗಿಗೂ ಈ ಪಟ್ಟಿ ಬಳಸುವುದಿಲ್ಲ, ಡಾಕ್ಟರಿಗೆ ಫೋನ್ ಮಾಡಿ ಮಾತಾಡುತ್ತೇವೆ.