ಇಂಟರ್‌ವ್ಯೂಗೆ ಬರಲ್ಲ ಅಂತ ಹೇಳೋದು ಹೇಗೆ?

ನಮ್ಮ ಮನೆ ಯಲಹಂಕದಲ್ಲಿ. ಫೋನಿನಲ್ಲಿ ಹೆಬ್ಬಾಳದ ಆಫೀಸ್ ಅಂದಿದ್ದರು. ಇಂಟರ್‌ವ್ಯೂ ಮೇಲ್ ತೆರೆದರೆ ಎಲೆಕ್ಟ್ರಾನಿಕ್ ಸಿಟಿ, ಅದೂ ವಾರಕ್ಕೆ 5 ದಿನ! ಸುಮ್ನೆ ಹೋಗದೇ ಇದ್ದುಬಿಡೋಣ ಅನ್ನಿಸಿತು. ಆದರೆ ಎಚ್‌ಆರ್‌ನವರು ‘ನೋ ಶೋ’ ಅಂತ ಬರೆದಿಟ್ಟರೆ ಮುಂದೆ ಅಲ್ಲಿಗೆ ಅರ್ಜಿ ಹಾಕುವುದು ಕಷ್ಟ. ಅದಕ್ಕೇ ಹಿಂದಿನ ದಿನ ಬೆಳಿಗ್ಗೆಯೇ ಅದೇ ಮೇಲ್‌ಗೆ ಉತ್ತರ ಕಳಿಸಿದೆ:

“ನಮಸ್ಕಾರ ಮೇಡಂ, ನಾಳೆ 11 ಗಂಟೆಯ ಇಂಟರ್‌ವ್ಯೂಗೆ ಕರೆದಿದ್ದಕ್ಕೆ ಧನ್ಯವಾದ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂತ ಈಗ ಗೊತ್ತಾಯಿತು. ಯಲಹಂಕದಿಂದ ದಿನಾ ಓಡಾಡಲು ನನಗೆ ಆಗುವುದಿಲ್ಲ, ಹಾಗಾಗಿ ಬರುತ್ತಿಲ್ಲ. ಹೆಬ್ಬಾಳದ ಕಡೆ ಕೆಲಸ ಇದ್ದರೆ ದಯವಿಟ್ಟು ತಿಳಿಸಿ.”

ಇಷ್ಟೇ ಸಾಕು. ಹುಷಾರಿಲ್ಲ ಅಂತ ಸುಳ್ಳು ಹೇಳಬೇಡಿ. ಪಾಪ, ಅವರು ಮುಂದಿನ ವಾರಕ್ಕೆ ಇನ್ನೊಂದು ದಿನ ಕೊಡ್ತಾರೆ, ಮತ್ತೆ ಅದೇ ಪೇಚಾಟ. ಕ್ಯಾಲೆಂಡರ್‌ಗೆ ಬಂದ ಮೀಟಿಂಗನ್ನೂ ಡಿಕ್ಲೈನ್ ಮಾಡಿ. ಇಲ್ಲದಿದ್ದರೆ ಮೇಲ್ ನೋಡದ ಇಂಟರ್‌ವ್ಯೂ ಮಾಡುವವರು ಲಿಂಕ್‌ನಲ್ಲಿ ಕಾಯುತ್ತಾ ಕೂತಿರುತ್ತಾರೆ.

ಕಾರಣ ಸಂಬಳವಾದರೆ ಮಾತ್ರ ನೇರವಾಗಿ ಬೇಡ ಅನ್ನಬೇಡಿ. 9 ಲಕ್ಷ ಅಂದಿದ್ದರಲ್ಲಿ 1 ಲಕ್ಷ ಖಾತ್ರಿಯಿಲ್ಲದ ವೇರಿಯೇಬಲ್ ಅಂತ ಆಮೇಲೆ ಗೊತ್ತಾಯಿತು ಅಂದುಕೊಳ್ಳಿ. “ವೇರಿಯೇಬಲ್ ಬಿಟ್ಟು 9 ಲಕ್ಷ ಆಗುವುದಾದರೆ ಬರುತ್ತೇನೆ, ಇಲ್ಲದಿದ್ದರೆ ನಾಳಿನ ಇಂಟರ್‌ವ್ಯೂ ರದ್ದು ಮಾಡಿಬಿಡಿ” ಅಂತ ಬರೆಯಿರಿ. ಕೆಲವೊಮ್ಮೆ ಸಂಜೆಯೊಳಗೆ ಅವರೇ ಫೋನ್ ಮಾಡ್ತಾರೆ.